ಭಾನುವಾರ ರಾತ್ರಿಯ ಬಿಟ್‌ಕಾಯಿನ್ ‘ಬ್ರೇಕ್‌ಔಟ್’ ಸೋಮವಾರಕ್ಕೂ ಉಳಿಯುತ್ತದೆಯೇ?

“ಬಿಟ್‌ಕಾಯಿನ್ ರೆಸಿಸ್ಟೆನ್ಸ್ ಒಡೆದಿದೆ, ಇವತ್ತೇ ಕೊಳ್ಳಿ, ನಾಳೆ ಲಾಭ ಗ್ಯಾರಂಟಿ.” ಜೊತೆಗೆ ಹಸಿರು ಗೆರೆಯೊಂದು ಮೇಲಕ್ಕೆ ಚಿಮ್ಮಿದ ಚಾರ್ಟಿನ ಸ್ಕ್ರೀನ್‌ಶಾಟ್. ಉಡುಪಿ, ಕಾಪು, ಕಾರ್ಕಳದ ಗುಂಪುಗಳಲ್ಲೂ ಮಣಿಪಾಲದ ಹಾಸ್ಟೆಲ್‌ಗಳಲ್ಲೂ ವಾರಾಂತ್ಯಕ್ಕೆ ಓಡಾಡುವ ಇಂಥ ಸಂದೇಶಗಳನ್ನು ನಮಗೆ ಕಳುಹಿಸಿ, ಇದು ನಿಜವೇ ಎಂದು ಓದುಗರು ಕೇಳುತ್ತಾರೆ. ಚಾರ್ಟ್ ಹೆಚ್ಚಾಗಿ ನಿಜವೇ ಆಗಿರುತ್ತದೆ. ಆದರೆ ಅದರಿಂದ ‘ನಾಳೆ ಲಾಭ’ ಎಂದು ಹೇಳಲು ಬರುವುದಿಲ್ಲ. ಯಾಕೆಂದು ನೋಡೋಣ.

ಬೆಲೆ ಒಂದು ಮಟ್ಟಕ್ಕೆ ಹೋಗಿ ಹೋಗಿ ಕೆಳಗಿಳಿಯುತ್ತಿದ್ದರೆ ಆ ಮಟ್ಟವನ್ನು ರೆಸಿಸ್ಟೆನ್ಸ್ ಎನ್ನುತ್ತಾರೆ, ಅಂದರೆ ತಡೆ. ಅಲ್ಲಿ ಮಾರುವವರು ಸಾಲಾಗಿ ಕಾದಿರುತ್ತಾರೆ. ಆ ಸಾಲನ್ನೆಲ್ಲ ಕೊಂಡು ಮುಗಿಸಿ ಬೆಲೆ ಮೇಲೆ ಹೋದರೆ ಅದು ಬ್ರೇಕ್‌ಔಟ್. ಹಾಗಾಗಿ ಗೆರೆ ದಾಟಿತೇ ಎನ್ನುವುದಕ್ಕಿಂತ, ದಾಟುವಾಗ ಅಲ್ಲಿ ಎಷ್ಟು ಜನ ನಿಂತಿದ್ದರು ಎನ್ನುವುದು ಮುಖ್ಯ.

ಮಲ್ಪೆ ದಕ್ಕೆಯ ಪರಿಚಯ ಇರುವವರಿಗೆ ಇದು ಹೊಸತಲ್ಲ. ಜೂನ್ ಮತ್ತು ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ನಾಡದೋಣಿಯವರು ತಂದ ನಾಲ್ಕು ಬುಟ್ಟಿ ಬಂಗುಡೆಗೆ ಇಬ್ಬರು ಪೈಪೋಟಿಗೆ ಬಿದ್ದರೆ ದರ ಎಲ್ಲಿಗೋ ಹೋಗುತ್ತದೆ. ಅದು ಆ ದಿನದ ನಿಜವಾದ ದರವೇ. ಆದರೆ ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದ ಮೇಲೂ ಅದೇ ದರ ಇರುತ್ತದೆಂದು ಯಾರೂ ಲೆಕ್ಕ ಹಾಕುವುದಿಲ್ಲ.

ಈಗ ಒಂದು ಕಲ್ಪಿತ ಲೆಕ್ಕ. ಒಂದು ಕಾಯಿನ್‌ಗೆ 100 ರೂಪಾಯಿ, ತಡೆ ಇರುವುದು 101ರಲ್ಲಿ. ಬುಧವಾರ 100ರಿಂದ 101ರ ನಡುವೆ ಒಟ್ಟು 50 ಲಕ್ಷ ರೂಪಾಯಿಯ ಮಾರಾಟದ ಆರ್ಡರ್‌ಗಳು ಸಮನಾಗಿ ಹರಡಿವೆ ಎನ್ನೋಣ. ಒಬ್ಬರು 12 ಲಕ್ಷಕ್ಕೆ ಕೊಂಡರೆ ಬೆಲೆ 100.24ರ ಹತ್ತಿರ ನಿಲ್ಲುತ್ತದೆ. ಭಾನುವಾರ ಅದೇ ಜಾಗದಲ್ಲಿ ಇರುವುದು ಬರೀ 10 ಲಕ್ಷದ ಆರ್ಡರ್. ಅದೇ 12 ಲಕ್ಷ ಈಗ 101ನ್ನು ದಾಟಿಬಿಡುತ್ತದೆ. ಬೆಲೆ ಬೀಳುತ್ತದೆಂದು ಬಾಜಿ ಕಟ್ಟಿದವರ ಸ್ಟಾಪ್ ಲಾಸ್‌ಗಳು 101ರ ಮೇಲೆಯೇ ಇರುತ್ತವೆ. ಗೆರೆ ದಾಟಿದ ಕೂಡಲೇ ಅವು ತಾವಾಗಿಯೇ ಖರೀದಿ ಆರ್ಡರ್‌ಗಳಾಗಿ ಬೆಲೆಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತವೆ. ಫಾರ್ವರ್ಡ್ ಬರುವ ಸ್ಕ್ರೀನ್‌ಶಾಟ್ ಹೆಚ್ಚಾಗಿ ಈ ಹೊತ್ತಿನದು. ಸ್ಟಾಪ್‌ಗಳು ಮುಗಿದ ಮೇಲೆ ಹೊಸದಾಗಿ ಕೊಳ್ಳುವವರು ಬರದಿದ್ದರೆ ಬೆಲೆ ಬಂದ ದಾರಿಯಲ್ಲೇ ವಾಪಸ್.

ಕ್ರಿಪ್ಟೋ ಮಾರುಕಟ್ಟೆಗೆ ರಜೆಯೇ ಇಲ್ಲದಿರುವಾಗ ಶನಿವಾರ, ಭಾನುವಾರ ಈ ಸಾಲು ಯಾಕೆ ತೆಳುವಾಗುತ್ತದೆ? ಮಾರುಕಟ್ಟೆ ತೆರೆದಿದ್ದರೂ ದೊಡ್ಡ ಹಣದ ಬಾಗಿಲುಗಳು ಮುಚ್ಚಿರುತ್ತವೆ. ಅಮೆರಿಕದ ಸ್ಪಾಟ್ ಬಿಟ್‌ಕಾಯಿನ್ ಇಟಿಎಫ್‌ಗಳ ವಹಿವಾಟು 2024ರ ಜನವರಿ 11ರಂದು ಶುರುವಾಯಿತು. ಅವು ನಡೆಯುವುದು ಷೇರುಪೇಟೆಯ ಸಮಯದಲ್ಲಿ ಮಾತ್ರ: ನಮ್ಮ ಸಂಜೆ 7ರಿಂದ ರಾತ್ರಿ 1.30, ಅಲ್ಲಿನ ಚಳಿಗಾಲದಲ್ಲಿ ಒಂದು ಗಂಟೆ ತಡ. ಷಿಕಾಗೋದ ಸಿಎಂಇ ಎಕ್ಸ್‌ಚೇಂಜಿನ ಬಿಟ್‌ಕಾಯಿನ್ ಫ್ಯೂಚರ್ಸ್ ಕೂಡ 2025ರಲ್ಲಿ ವಾರಾಂತ್ಯಕ್ಕೆ ಮುಚ್ಚುತ್ತಿತ್ತು. ಅದನ್ನು ದಿನದ 24 ಗಂಟೆಯೂ ತೆರೆದಿಡುವ ಯೋಜನೆಯನ್ನು ಸಿಎಂಇ ಆ ವರ್ಷದ ಅಕ್ಟೋಬರ್‌ನಲ್ಲಿ ಪ್ರಕಟಿಸಿತು.

ಇನ್ನೊಂದು ಬಾಗಿಲು ಬ್ಯಾಂಕ್. ನಮ್ಮಲ್ಲಿ ಯುಪಿಐ ಭಾನುವಾರವೂ ನಡೆಯುತ್ತದೆ, ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ 24 ಗಂಟೆಯೂ ಇದೆ. ಡಾಲರ್ ಅಷ್ಟು ಸಲೀಸಾಗಿ ಓಡಾಡುವುದಿಲ್ಲ. ಸಿಲ್ವರ್‌ಗೇಟ್ ಮತ್ತು ಸಿಗ್ನೇಚರ್ ಎಂಬ ಎರಡು ಅಮೆರಿಕನ್ ಬ್ಯಾಂಕ್‌ಗಳು ಕ್ರಿಪ್ಟೋ ವ್ಯಾಪಾರಿಗಳಿಗೆ ರಜಾದಿನದಲ್ಲೂ ಡಾಲರ್ ದಾಟಿಸುವ ವ್ಯವಸ್ಥೆ ಇಟ್ಟಿದ್ದವು. 2023ರ ಮಾರ್ಚ್‌ನಲ್ಲಿ ಎರಡೂ ಬ್ಯಾಂಕ್‌ಗಳ ಕಥೆ ಮುಗಿಯಿತು. ಎರಡು ಎಕ್ಸ್‌ಚೇಂಜ್‌ಗಳ ನಡುವೆ ಬೆಲೆ ಏರುಪೇರಾದಾಗ ಒಂದು ಕಡೆ ಕೊಂಡು ಇನ್ನೊಂದು ಕಡೆ ಮಾರಿ ಸರಿದೂಗಿಸುವವರಿಗೆ ಭಾನುವಾರ ಕೈಕಟ್ಟಿದಂತಾಯಿತು.

ಎರಡು ಭಾನುವಾರಗಳು

2025ರ ಮಾರ್ಚ್ 2, ಭಾನುವಾರ. ನಮ್ಮ ರಾತ್ರಿ ಸುಮಾರು 9ರ ಹೊತ್ತಿಗೆ ಅಮೆರಿಕದ ಅಧ್ಯಕ್ಷ ಟ್ರಂಪ್ ಸರ್ಕಾರಿ ಕ್ರಿಪ್ಟೋ ಸಂಗ್ರಹದ ಬಗ್ಗೆ ಪೋಸ್ಟ್ ಹಾಕಿದರು. 85-86 ಸಾವಿರ ಡಾಲರ್ ಆಸುಪಾಸಿನಲ್ಲಿದ್ದ ಬಿಟ್‌ಕಾಯಿನ್ ಕೆಲವೇ ಗಂಟೆಗಳಲ್ಲಿ 95 ಸಾವಿರದ ಹತ್ತಿರ ಹೋಯಿತು. ಚಾರ್ಟಿನಲ್ಲಿ ಇದಕ್ಕಿಂತ ಚಂದದ ಬ್ರೇಕ್‌ಔಟ್ ಸಿಗುವುದು ಕಷ್ಟ. ಸೋಮವಾರ ಅಮೆರಿಕದ ಪೇಟೆ ತೆರೆಯಿತು, ಕೆನಡಾ ಮತ್ತು ಮೆಕ್ಸಿಕೊ ಮೇಲಿನ ಸುಂಕ ಖಚಿತ ಎಂಬ ಸುದ್ದಿಯೂ ಬಂತು. ಏರಿದ್ದೆಲ್ಲ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಇಳಿಯಿತು. ಭಾನುವಾರ ರಾತ್ರಿ 94 ಸಾವಿರಕ್ಕೆ ಕೊಂಡವರಿಗೆ ಒಂದು ದಿನದಲ್ಲಿ ನೂರಕ್ಕೆ ಎಂಟರಷ್ಟು ನಷ್ಟ.

ಅದೇ ವರ್ಷದ ಅಕ್ಟೋಬರ್ 5, ಅದೂ ಭಾನುವಾರವೇ. ಆಗಸ್ಟ್‌ನಲ್ಲಿ ಆಗಿದ್ದ 1 ಲಕ್ಷ 24 ಸಾವಿರ ಡಾಲರ್‌ಗಳ ದಾಖಲೆಯನ್ನು ಬಿಟ್‌ಕಾಯಿನ್ ಮುರಿದು 1 ಲಕ್ಷ 25 ಸಾವಿರ ದಾಟಿತು. ಈ ಸಲ ಸೋಮವಾರ ಬೆಲೆ ಬೀಳಲಿಲ್ಲ, 1 ಲಕ್ಷ 26 ಸಾವಿರಕ್ಕೆ ಏರಿತು. ಹಾಗಾಗಿ ‘ವಾರಾಂತ್ಯದ ಬ್ರೇಕ್‌ಔಟ್ ಎಲ್ಲ ಸುಳ್ಳು’ ಎನ್ನುವ ಫಾರ್ವರ್ಡ್ ಬಂದರೆ ಅದೂ ತಪ್ಪು.

ಎರಡರ ವ್ಯತ್ಯಾಸ ಭಾನುವಾರದ ಚಾರ್ಟಿನಲ್ಲಿ ಕಾಣುವುದಿಲ್ಲ, ಹಿಂದಿನ ವಾರದಲ್ಲಿ ಕಾಣುತ್ತದೆ. ಅಕ್ಟೋಬರ್ 5ರ ಹಿಂದಿನ ವಾರ ಇಟಿಎಫ್‌ಗಳಿಗೆ 300 ಕೋಟಿ ಡಾಲರ್‌ಗೂ ಹೆಚ್ಚು ಹಣ ಹರಿದು ಬಂದಿತ್ತು. ಬೆಲೆ ವಾರವಿಡೀ ಏರುತ್ತಲೇ ಇತ್ತು, ಭಾನುವಾರ ಗೆರೆ ದಾಟಿತು ಅಷ್ಟೆ. ಮಾರ್ಚ್ 2ರ ಹಿಂದಿನ ವಾರ ಇದರ ತದ್ವಿರುದ್ಧ. ಫೆಬ್ರವರಿ 25ರ ಒಂದೇ ದಿನ 90 ಕೋಟಿ ಡಾಲರ್‌ಗೂ ಹೆಚ್ಚು ಹಣ ಹೊರಗೆ ಹೋಗಿತ್ತು. ಕಾಲು ಕೀಳುತ್ತಿದ್ದ ಮಾರುಕಟ್ಟೆಯನ್ನು ಒಂದು ಪೋಸ್ಟ್ ತೆಳು ಹೊತ್ತಿನಲ್ಲಿ ಎತ್ತಿ ಹಿಡಿದಿತ್ತು. ಎರಡೇ ಉದಾಹರಣೆಗಳಿಂದ ನಿಯಮ ಮಾಡಲಾಗದು ನಿಜ. ಆದರೂ ‘ಸೋಮವಾರ ಬರುವವರು ಯಾವ ಕಡೆಯವರು’ ಎಂದು ಕೇಳಿಕೊಳ್ಳುವುದು ನಮಗೆ ಸರಿಯಾದ ದಾರಿಯಾಗಿ ಕಾಣುತ್ತದೆ.

ಸೋಮವಾರ ಉಳಿದದ್ದು ಮುಂದೆಯೂ ಉಳಿಯಬೇಕೆಂದಿಲ್ಲ. ಅಕ್ಟೋಬರ್ 10ರ ಶುಕ್ರವಾರ ಅಮೆರಿಕದ ಷೇರುಪೇಟೆ ಮುಚ್ಚಿದ ಮೇಲೆ, ನಮ್ಮಲ್ಲಿ ಶನಿವಾರ ಬೆಳಗಿನ ಜಾವ, ಚೀನಾ ಮೇಲಿನ ಹೊಸ ಸುಂಕದ ಸುದ್ದಿಗೆ ಬೆಲೆ 1 ಲಕ್ಷ 5 ಸಾವಿರದ ಆಸುಪಾಸಿಗೆ ಕುಸಿಯಿತು. ಸಾಲ ಮಾಡಿ ಬಾಜಿ ಕಟ್ಟಿದ್ದವರ ಸುಮಾರು 1,900 ಕೋಟಿ ಡಾಲರ್ ಮೌಲ್ಯದ ವಹಿವಾಟುಗಳು ಬಲವಂತವಾಗಿ ಮುಚ್ಚಿಹೋದವು. ತೆಳು ಹೊತ್ತು ಏರಿಕೆಯನ್ನಷ್ಟೇ ಅಲ್ಲ, ಇಳಿಕೆಯನ್ನೂ ದೊಡ್ಡದು ಮಾಡುತ್ತದೆ.

ಸ್ಕ್ರೀನ್‌ಶಾಟ್ ಬಂದಾಗ ಏನು ನೋಡಬೇಕು?

ಮೊದಲು ಸಮಯ. ಕ್ರಿಪ್ಟೋ ಚಾರ್ಟುಗಳಲ್ಲಿ ದಿನ ಮುಗಿಯುವುದು ಸಾಮಾನ್ಯವಾಗಿ ನಮ್ಮ ಬೆಳಿಗ್ಗೆ 5.30ಕ್ಕೆ. ಭಾನುವಾರ ರಾತ್ರಿ 10ರ ‘ಡೈಲಿ ಬ್ರೇಕ್‌ಔಟ್’ ಇನ್ನೂ ಮುಗಿಯದ ದಿನದ ಚಿತ್ರ. ಬೆಳಗಾಗುವಾಗ ಗೆರೆಯ ಮೇಲೆ ಬರೀ ಒಂದು ಸಪೂರ ಕಡ್ಡಿ ಉಳಿದಿದ್ದರೆ, ಬೆಲೆ ಹೋಗಿ ವಾಪಸ್ ಬಂದಿದೆ ಎಂದರ್ಥ. ಆಮೇಲೆ ಕೆಳಗಿನ ವಾಲ್ಯೂಮ್ ಕಂಬ. ಅದು ಹಿಂದಿನ ಬುಧವಾರ, ಗುರುವಾರದ ಕಂಬಗಳಿಗಿಂತ ಗಿಡ್ಡವಿದ್ದರೆ ತಡೆ ಒಡೆದದ್ದಲ್ಲ, ಅಲ್ಲಿ ಯಾರೂ ಇರಲಿಲ್ಲ. ಉತ್ತರ ಸಿಗುವುದು ಸೋಮವಾರ ಸಂಜೆ ಅಮೆರಿಕದ ಪೇಟೆ ತೆರೆದ ಮೇಲೆ ಬೆಲೆ ಗೆರೆಯ ಯಾವ ಕಡೆ ನಿಂತಿದೆ ಎಂಬುದರಲ್ಲಿ. ಅಷ್ಟು ಕಾದರೆ ಸ್ವಲ್ಪ ಹೆಚ್ಚು ಬೆಲೆ ಕೊಡಬೇಕಾಗಬಹುದು. ಅಕ್ಟೋಬರ್ 5ರಂದು ಕಾದವರು ಹಾಗೆಯೇ ಕೊಟ್ಟರು.

ಭಾರತದಲ್ಲಿ ಸುಳ್ಳು ಬ್ರೇಕ್‌ಔಟ್‌ಗೆ ಇನ್ನೂ ಒಂದು ಖರ್ಚಿದೆ. ಕ್ರಿಪ್ಟೋ ಲಾಭಕ್ಕೆ 30% ತೆರಿಗೆ ಮತ್ತು ಸೆಸ್ ಇದೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ. ಒಂದು ಭಾನುವಾರ 10,000 ರೂಪಾಯಿ ಕಳೆದುಕೊಂಡು ಮುಂದಿನ ಭಾನುವಾರ 10,000 ಗಳಿಸಿದರೆ ಕೈಯಲ್ಲಿ ಉಳಿದದ್ದು ಸೊನ್ನೆ, ಆದರೂ 4% ಸೆಸ್ ಸೇರಿ ತೆರಿಗೆ 3,120 ರೂಪಾಯಿ. ಮಿತಿ ದಾಟಿದರೆ ಮಾರಾಟದ ಮೊತ್ತದಲ್ಲಿ 1% ಟಿಡಿಎಸ್ ಬೇರೆ ಕಡಿತವಾಗುತ್ತದೆ. ಅದನ್ನು ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಹಿಡಿಯಬಹುದು, ಅಲ್ಲಿಯವರೆಗೆ ಆ ಹಣ ನಿಮ್ಮ ಕೈಯಲ್ಲಿ ಇರುವುದಿಲ್ಲ.