ರಾತ್ರಿ 12ರ ನಂತರ ಬಂದ ಯುಪಿಐ ಹಣ ಹಿಂದಿನ ದಿನದ ರಿಪೋರ್ಟ್‌ನಲ್ಲಿ ಏಕೆ ಕಾಣುತ್ತದೆ?

ಕಬ್ಬು ನುರಿಸುವ ಹಂಗಾಮಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ರಸ್ತೆಗಳಿಗೆ ರಾತ್ರಿ ಎಂಬುದಿಲ್ಲ. ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಿರುತ್ತವೆ, ಚಹಾ ಅಂಗಡಿ, ಧಾಬಾ, ಪೆಟ್ರೋಲ್ ಪಂಪ್ ತೆರೆದೇ ಇರುತ್ತವೆ. ಗಿರಾಕಿಗಳು ರಾತ್ರಿ ಒಂದಕ್ಕೂ ಎರಡಕ್ಕೂ ಕ್ಯೂಆರ್ ಸ್ಕ್ಯಾನ್ ಮಾಡಿ ಹೋಗುತ್ತಾರೆ. ಬೆಳಿಗ್ಗೆ ಮಾಲೀಕರು ಬಿಲ್ಲಿಂಗ್ ಸಾಫ್ಟ್‌ವೇರ್‌ನ ದಿನದ ರಿಪೋರ್ಟ್ ತೆಗೆದರೆ ಅದು ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ ಹೊಂದುವುದಿಲ್ಲ. ಮೊದಲ ಅನುಮಾನ ರಾತ್ರಿ ಪಾಳಿಯ ಹುಡುಗನ ಮೇಲೆ, ಎರಡನೆಯದು ಬ್ಯಾಂಕಿನ ಮೇಲೆ. ‘ರಾತ್ರಿ 12 ದಾಟಿದರೆ ಆನ್‌ಲೈನ್ ಹಣ ಕಡಿತವಾಗುತ್ತದೆ, ಯಾರೂ ಕಳಿಸಬೇಡಿ’ ಎಂಬಂಥ ಮಾತು ವಾಟ್ಸಾಪ್‌ನಲ್ಲಿ ಹರಡಲು ಇಷ್ಟು ಸಾಕು.

ಆ ಮಾತು ಸುಳ್ಳು. ಯುಪಿಐ ದಿನದ 24 ಗಂಟೆಯೂ ನಡೆಯುತ್ತದೆ. ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಾಗೆಯೇ ನಡೆಯುತ್ತಿವೆ. ಹಣ ಎಲ್ಲೂ ಹೋಗಿರುವುದಿಲ್ಲ, ತಪ್ಪು ತಾರೀಖಿನ ಕೆಳಗೆ ಕೂತಿರುತ್ತದೆ.

ಇದಕ್ಕೆ ಕಾರಣ ಐದೂವರೆ ಗಂಟೆ. ಜಗತ್ತಿನ ಕಂಪ್ಯೂಟರ್‌ಗಳು ಹೆಚ್ಚಾಗಿ ಒಂದೇ ಸಾಮಾನ್ಯ ಗಡಿಯಾರ ಇಟ್ಟುಕೊಳ್ಳುತ್ತವೆ, ಅದಕ್ಕೆ ಯುಟಿಸಿ ಎನ್ನುತ್ತಾರೆ. ಭಾರತದ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ನಮಗೆ ರಾತ್ರಿ 12 ಆದಾಗ ಯುಟಿಸಿ ಗಡಿಯಾರದಲ್ಲಿ ಇನ್ನೂ ಹಿಂದಿನ ದಿನದ ಸಂಜೆ 6.30. ಅಲ್ಲಿ ತಾರೀಖು ಬದಲಾಗುವುದು ನಮ್ಮ ಬೆಳಗಿನ 5.30ಕ್ಕೆ. (ನಮ್ಮ ಗಡಿಯಾರವೂ ಗೋಕಾಕದ ಸೂರ್ಯನನ್ನು ನೋಡಿ ನಡೆಯುವುದಲ್ಲ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ್ದು. ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು ಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆ ತಡವಾಗಿ.)

ಬಿಲ್ಲಿಂಗ್ ಸಾಫ್ಟ್‌ವೇರ್ ಪ್ರತಿ ಬಿಲ್ಲಿನ ಸಮಯವನ್ನು ಯುಟಿಸಿಯಲ್ಲಿ ಉಳಿಸಿಟ್ಟರೆ ಅದು ತಪ್ಪಲ್ಲ, ಒಳ್ಳೆಯ ಪದ್ಧತಿಯೇ. ರಿಪೋರ್ಟ್ ಮಾಡುವಾಗ ಅದನ್ನು ಭಾರತದ ಸಮಯಕ್ಕೆ ತಿರುಗಿಸದೆ ಹಾಗೇ ತಾರೀಖು ಕತ್ತರಿಸಿದಾಗ ಎಡವಟ್ಟಾಗುತ್ತದೆ. ರಾತ್ರಿ 12ರಿಂದ ಬೆಳಗಿನ 5.30ರವರೆಗಿನ ಎಲ್ಲ ಬಿಲ್‌ಗಳೂ ಹಿಂದಿನ ದಿನಕ್ಕೆ ಸೇರುತ್ತವೆ. ಹಗಲು ಮಾತ್ರ ತೆರೆಯುವ ಕಿರಾಣಿ ಅಂಗಡಿಗೆ ಇದು ಜನ್ಮದಲ್ಲಿ ಗೊತ್ತಾಗುವುದಿಲ್ಲ. ರಾತ್ರಿಯೆಲ್ಲ ನಡೆಯುವ ವ್ಯಾಪಾರಕ್ಕೆ ದಿನವೂ ತೊಂದರೆ.

ಒಂದು ಲೆಕ್ಕ ಮಾಡಿ ನೋಡೋಣ. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಬಳಿ ಹೆದ್ದಾರಿ ಪಕ್ಕ ಒಂದು ಧಾಬಾ ಇದೆ ಎಂದುಕೊಳ್ಳಿ. ಜನವರಿ 15ರ ಬೆಳಗಿನ ಜಾವ 12.20ಕ್ಕೆ 1,240 ರೂಪಾಯಿ, 2.15ಕ್ಕೆ 860, 5.10ಕ್ಕೆ 420 ಬಂತು. ಮೂರೂ ಸೇರಿ 2,520. ಇವು ಯುಟಿಸಿಯಲ್ಲಿ 14ರ ಸಂಜೆ 6.50, ರಾತ್ರಿ 8.45 ಮತ್ತು 11.40. ಹಾಗಾಗಿ ಮೂರೂ 14ರ ರಿಪೋರ್ಟ್‌ಗೆ ಹೋದವು. 5.45ಕ್ಕೆ ಚಹಾ ಕುಡಿದವನ ಬಿಲ್ಲು ಮಾತ್ರ ಸರಿಯಾಗಿ 15ಕ್ಕೇ ಬಂತು.

ಹಾಗಾದರೆ 15ರ ರಿಪೋರ್ಟ್‌ನಲ್ಲಿ 2,520 ಕಡಿಮೆ ಕಾಣಬೇಕಲ್ಲವೇ? ಕಾಣುವುದಿಲ್ಲ, ಮತ್ತು ಇಲ್ಲೇ ಎಲ್ಲರೂ ದಾರಿ ತಪ್ಪುವುದು. 15ರ ಬ್ಯಾಂಕ್ ಜಮೆ ಒಟ್ಟು 18,000 ಎನ್ನಿ. ರಿಪೋರ್ಟ್‌ನಿಂದ ಅದರ 2,520 ಹಿಂದಕ್ಕೆ ಹೋಯಿತು. ಆದರೆ 16ರ ಬೆಳಗಿನ ಜಾವದ 1,900 ಇದೇ 15ರೊಳಗೆ ಬಂದು ಸೇರಿತು. ಕೊನೆಗೆ ರಿಪೋರ್ಟ್ ತೋರಿಸುವುದು 17,380. ವ್ಯತ್ಯಾಸ 620 ರೂಪಾಯಿ. ಈ 620 ಯಾವ ಬಿಲ್ಲಿಗೂ ಹೊಂದುವುದಿಲ್ಲ, ಏಕೆಂದರೆ ಆ ಮೊತ್ತದ ಬಿಲ್ಲೇ ಇಲ್ಲ. ಹುಡುಕಿ ಸುಸ್ತಾದ ಮಾಲೀಕ ಅದನ್ನು ಪಾಳಿಯವನ ಪಗಾರದಲ್ಲಿ ಮುರಿದುಕೊಂಡರೆ, ಏನೂ ತಪ್ಪು ಮಾಡದವನು ದಂಡ ತೆತ್ತಂತೆ.

ಎರಡು ರಾತ್ರಿಗಳ ವ್ಯಾಪಾರ ಹೆಚ್ಚೂಕಡಿಮೆ ಒಂದೇ ಇದ್ದರೆ ವ್ಯತ್ಯಾಸ ಸಣ್ಣದು, ಅದಕ್ಕೇ ಇದು ವರ್ಷಗಟ್ಟಲೆ ಮುಚ್ಚಿಹೋಗಿರುತ್ತದೆ. ಜಾತ್ರೆಯ ರಾತ್ರಿ ಬೆಳತನಕ ಗಿರಾಕಿ ಇದ್ದಾಗ, ಇಲ್ಲವೇ ಅಂಗಡಿ ಒಂದು ದಿನ ಬಂದ್ ಇದ್ದಾಗ ಬಯಲಿಗೆ ಬರುತ್ತದೆ. ಬಂದ್ ಮಾಡಿದ ದಿನದ ರಿಪೋರ್ಟ್‌ನಲ್ಲೂ ಬಿಲ್ ಕಂಡರೆ ಗಡಿಯಾರದ ಮೇಲೇ ಮೊದಲು ಅನುಮಾನ ಪಡಿ.

ಇದರ ಉಲ್ಟಾ ತಪ್ಪೂ ಇದೆ. ಸಾಫ್ಟ್‌ವೇರ್ ಮೊದಲೇ ಭಾರತದ ಸಮಯದಲ್ಲಿ ಉಳಿಸಿಟ್ಟಿದ್ದು, ರಿಪೋರ್ಟ್ ಮಾಡುವವರು ಅದನ್ನು ಯುಟಿಸಿ ಎಂದುಕೊಂಡು ಮತ್ತೆ 5.30 ಕೂಡಿಸಿದರೆ ಸಂಜೆ 6.30ರ ನಂತರದ ಬಿಲ್‌ಗಳೆಲ್ಲ ಮರುದಿನಕ್ಕೆ ಜಿಗಿಯುತ್ತವೆ. ರಾತ್ರಿ 8ರ ಊಟದ ಬಿಲ್ಲು 1.30 ಎಂದು ಕಾಣುತ್ತದೆ. ಊಟದ ಹೊತ್ತಿನ ವ್ಯಾಪಾರವೇ ಕದಲುವುದರಿಂದ ಇದು ಬೇಗ ಸಿಕ್ಕಿಬೀಳುತ್ತದೆ.

ಆದರೆ ಎಲ್ಲ ವ್ಯತ್ಯಾಸವನ್ನೂ ಗಡಿಯಾರದ ತಲೆಗೆ ಕಟ್ಟಬೇಡಿ. ರಾತ್ರಿ 11.30ರ ಹಣ ನಿಮ್ಮ ಖಾತೆಗೆ ಮರುದಿನ ಬಂದರೆ ಅದು ಯುಟಿಸಿ ತಪ್ಪಲ್ಲ, ಆ ತಪ್ಪು ಬಿಲ್ಲನ್ನು ಹಿಂದಕ್ಕೆ ಎಳೆಯುತ್ತದೆಯೇ ಹೊರತು ಮುಂದಕ್ಕೆ ತಳ್ಳುವುದಿಲ್ಲ. ಅದು ಪೇಮೆಂಟ್ ಕಂಪನಿ ದಿನದ ಹಣವನ್ನು ಒಟ್ಟುಮಾಡಿ ಮರುದಿನ ಜಮೆ ಮಾಡುವ ಕ್ರಮ ಇರಬಹುದು. ಬೆಳಿಗ್ಗೆ 6ರಿಂದ ಮರುದಿನ 6ರವರೆಗೆ ಒಂದು ದಿನ ಎಂದು ಪಾಳಿ ಲೆಕ್ಕ ಇಡುವವರೂ ಇದ್ದಾರೆ, ಅದೂ ತಪ್ಪಲ್ಲ. ಬ್ಯಾಂಕ್ ಲೆಕ್ಕಕ್ಕೆ ಹೋಲಿಸುವಾಗ ಅದನ್ನು ನೆನಪಿಡಬೇಕು, ಅಷ್ಟೇ.

ಪರೀಕ್ಷೆಗೆ ಒಂದು ರೂಪಾಯಿ ಸಾಕು. ರಾತ್ರಿ 11.50ಕ್ಕೆ, 12.10ಕ್ಕೆ ಮತ್ತು ಬೆಳಗಿನ 5.40ಕ್ಕೆ ಒಂದೊಂದು ರೂಪಾಯಿಯ ಬಿಲ್ ಮಾಡಿ, ನಿಮ್ಮ ಕ್ಯೂಆರ್‌ಗೆ ಇನ್ನೊಂದು ಫೋನಿನಿಂದ ಕಳಿಸಿ. 12.10ರದ್ದು ಹಿಂದಿನ ದಿನಕ್ಕೆ ಬಿದ್ದು 5.40ರದ್ದು ಸರಿಯಾದ ದಿನಕ್ಕೆ ಬಂದರೆ ರಿಪೋರ್ಟ್ ಯುಟಿಸಿಯಲ್ಲಿ ಕತ್ತರಿಸುತ್ತಿದೆ. ಹಳೆಯ ದಿನಗಳನ್ನು ನೋಡಬೇಕಾದರೆ ಮೊತ್ತ ಹೋಲಿಸಬೇಡಿ, ಪ್ರತಿ ಯುಪಿಐ ಪಾವತಿಗೆ ಇರುವ 12 ಅಂಕಿಯ ಯುಟಿಆರ್ ಸಂಖ್ಯೆಯನ್ನು ಬ್ಯಾಂಕಿನದಕ್ಕೆ ಹೋಲಿಸಿ. ಡೌನ್‌ಲೋಡ್ ಮಾಡಿದ ಫೈಲಿನಲ್ಲಿ ಸಮಯ `2025-01-14T18:50:00Z` ಎಂಬಂತೆ ಇದ್ದರೆ ಕೊನೆಯ `Z` ಯುಟಿಸಿಯ ಗುರುತು. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ 15ನೇ ತಾರೀಖು, ರಾತ್ರಿ 12.20.

ಸರಿಪಡಿಸುವುದು ಸಾಫ್ಟ್‌ವೇರ್ ಕೊಟ್ಟವರ ಕೆಲಸ, ಒಂದು ಸಾಲಿನದು. ಸಮಯ ಯುಟಿಸಿಯಲ್ಲಿ ಉಳಿದಿದ್ದು ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದರೆ, ಮೊದಲ ಸಾಲಿನ ಬದಲು ಎರಡನೆಯದು ಬೇಕು:

```
DATE(paid_at)
DATE(CONVERT_TZ(paid_at, '+00:00', '+05:30'))
```

ಉಳಿಸಿಟ್ಟ ಸಮಯಗಳು ಸರಿಯಾಗಿಯೇ ಇರುವುದರಿಂದ ಹಳೆಯ ರಿಪೋರ್ಟ್‌ಗಳನ್ನು ಮತ್ತೆ ತೆಗೆದರೆ ಅವೂ ಸರಿಹೋಗುತ್ತವೆ. ತಿಂಗಳ ಒಟ್ಟು ಮೊತ್ತದಲ್ಲಿ ಬದಲಾಗುವುದು ಎರಡು ತುದಿಯ ರಾತ್ರಿಗಳಷ್ಟೇ. ಅದರಲ್ಲಿ ಮಾರ್ಚ್ 31ರ ರಾತ್ರಿ ಕಳೆದು ಬರುವ ಏಪ್ರಿಲ್ 1ರ ಮೊದಲ ಐದೂವರೆ ಗಂಟೆಯನ್ನು ನಿಮ್ಮ ಲೆಕ್ಕಪರಿಶೋಧಕರಿಗೆ ತಪ್ಪದೆ ತೋರಿಸಿ. ಆ ಬಿಲ್‌ಗಳು ಹಿಂದಿನ ಆರ್ಥಿಕ ವರ್ಷದ ಲೆಕ್ಕಕ್ಕೆ ಹೋಗಿರುತ್ತವೆ.