ಜೋಳವಾಳಿಯ ಲೆಕ್ಕ

ಹಳಗನ್ನಡದ ತರಗತಿಯಲ್ಲಿ ಅರ್ಥ ಬರೆದುಕೊಂಡು, ಪರೀಕ್ಷೆ ಮುಗಿದ ಕೂಡಲೇ ಮರೆಯುವ ಪದಗಳಲ್ಲಿ 'ಜೋಳವಾಳಿ' ಒಂದು. ಒಡೆಯನ ಜೋಳ ಉಂಡವನು ಅದರ ಋಣವನ್ನು ರಣರಂಗದಲ್ಲಿ ತೀರಿಸಬೇಕೆಂಬ ಕಟ್ಟಳೆ ಅದು. ಅದಕ್ಕೊಂದು ಜೊತೆ ಪದವಿದೆ, 'ವೇಳೆವಾಳಿ': ಒಡೆಯ ಸತ್ತರೆ ನಾನೂ ಸಾಯುತ್ತೇನೆಂಬ ಪಣ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಕುವರ ಲಕ್ಷ್ಮನ ಸ್ಮಾರಕ ಕಂಬವಿದೆ. ದೊರೆ ಎರಡನೆಯ ವೀರಬಲ್ಲಾಳ ಹೋದಾಗ ಈ ದಂಡನಾಯಕನೂ ಅವನ ಮಡದಿಯೂ ಗರುಡ ಪಡೆಯವರೂ ಪ್ರಾಣ ಬಿಟ್ಟದ್ದಕ್ಕೆ ಆ ಕಂಬ ಸಾಕ್ಷಿ. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ವೀರರು ಅದರ ಮೇಲಿದ್ದಾರೆ. ಪ್ರವಾಸ ಹೋದವರು ಶಿಲ್ಪ ನೋಡಿ ಮುಂದೆ ಸಾಗುತ್ತಾರೆ, ಕಂಬದ ಕಡೆ ತಿರುಗುವವರು ಕಡಿಮೆ.

ಈ ಪದಕ್ಕೆ ಮುಖ ಕೊಡಿ ಎಂದರೆ ನಾವೆಲ್ಲ ಕರ್ಣನ ಮುಖ ಕೊಡುತ್ತೇವೆ. ದುರ್ಯೋಧನನ ಪಕ್ಷ ಸರಿಯಿಲ್ಲವೆಂದು ಗೊತ್ತಿದ್ದೂ, ಎದುರಿಗಿರುವವರು ತಮ್ಮಂದಿರೆಂದು ತಿಳಿದ ಮೇಲೂ ಅವನು ಬಿಟ್ಟು ಬರಲಿಲ್ಲ. ಅದಕ್ಕಾಗಿಯೇ ಅವನ ಮೇಲೆ ನಮಗೆ ಇನ್ನಿಲ್ಲದ ಪ್ರೀತಿ. ದ್ಯೂತಸಭೆಯಲ್ಲಿ ದ್ರೌಪದಿಯ ಪರವಾಗಿ ಎದ್ದು ನಿಂತು ಇದು ತಪ್ಪು ಎಂದವನು ಕೌರವರಲ್ಲೇ ಒಬ್ಬನಾದ ವಿಕರ್ಣ. ಅವನ ಬಾಯಿ ಮುಚ್ಚಿಸಿದವನು ಇದೇ ಕರ್ಣ. ಮುಂದೆ ವಿಕರ್ಣ ಅಣ್ಣನ ಪಕ್ಷದಲ್ಲೇ ಕಾದಿ ಸತ್ತ. ಅವನ ಹೆಸರನ್ನು ಮಗನಿಗಿಟ್ಟ ತಂದೆತಾಯಿಯನ್ನು ನಾನಂತೂ ಕಂಡಿಲ್ಲ.

ಜೋಳ ಹೋಗಿ ಸಂಬಳ ಬಂತು, ಒಡೆಯ ಹೋಗಿ ಕಂಪನಿ ಬಂತು. ಪದ ನಿಘಂಟು ಸೇರಿದರೂ ಕಟ್ಟಳೆ ಬೇರೆ ಬೇರೆ ವೇಷದಲ್ಲಿ ಉಳಿದುಕೊಂಡಿದೆ: ಅನ್ನದ ಋಣ, ಉಪ್ಪು ತಿಂದ ಮನೆ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತೇವೆ. ಎಣಿಸಿದವನಿಗೆ ಕೊಡಲು ನಮ್ಮಲ್ಲಿ ಬೈಗುಳಗಳು ಧಾರಾಳವಾಗಿವೆ, ಚಾಡಿಕೋರ, ಮನೆಮುರುಕ, ದ್ರೋಹಿ. ಗೌರವದ ಪದ ಮಾತ್ರ ಸಿಗದೆ ಪತ್ರಿಕೆಗಳು 'ವಿಸಲ್‌ಬ್ಲೋವರ್' ಎಂದೇ ಬರೆಯುತ್ತವೆ. ಅಮೆರಿಕದಲ್ಲೂ ಇಂಥವರನ್ನು ಚಾಡಿಕೋರರೆಂದೇ ಕಾಣುತ್ತಿದ್ದರು. 1970ರ ದಶಕದ ಆರಂಭದಲ್ಲಿ ರಾಲ್ಫ್ ನೇಡರ್ ಎಂಬ ಗ್ರಾಹಕ ಹೋರಾಟಗಾರ ಈ ಸೀಟಿಯ ಪದವನ್ನು ಗೌರವದ ಅರ್ಥದಲ್ಲಿ ಬಳಕೆಗೆ ತಂದ ಮೇಲೆ ಗಾಳಿ ಬದಲಾಯಿತು.

ಈ ಕಟ್ಟಳೆ ಇವತ್ತಿನ ಕಚೇರಿಯಲ್ಲಿ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ರ‍್ಯಾನ್‌ಬಾಕ್ಸಿ ಪ್ರಕರಣ ನೋಡಬೇಕು. ದಿನೇಶ್ ಠಾಕೂರ್ ಅಮೆರಿಕದ ದೊಡ್ಡ ಔಷಧ ಕಂಪನಿಯೊಂದರ ಕೆಲಸ ಬಿಟ್ಟು 2003ರಲ್ಲಿ ಭಾರತಕ್ಕೆ ಮರಳಿ, ಆ ಕಾಲದಲ್ಲಿ ದೇಶದ ಹೆಮ್ಮೆಯೆನಿಸಿದ್ದ ರ‍್ಯಾನ್‌ಬಾಕ್ಸಿ ಸೇರಿದರು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಪಾಸಣೆಯಲ್ಲಿ ಕಂಪನಿಯ ಎಚ್‌ಐವಿ ಔಷಧಗಳ ಪರೀಕ್ಷಾ ದಾಖಲೆಗಳ ಬಗ್ಗೆ ಅನುಮಾನ ಎದ್ದಿತು. ಸಂಶೋಧನಾ ವಿಭಾಗದ ಹೊಸ ಮುಖ್ಯಸ್ಥ ರಾಜಿಂದರ್ ಕುಮಾರ್ ಠಾಕೂರರನ್ನು ಕರೆದು, ಬೇರೆ ಬೇರೆ ದೇಶಗಳ ಸರ್ಕಾರಗಳಿಗೆ ನಾವು ಕೊಟ್ಟಿರುವ ಅಂಕಿಅಂಶಕ್ಕೆ ಮೂಲ ದಾಖಲೆ ಇದೆಯೇ ನೋಡಿ ಎಂದರು. ಗಮನಿಸಿ, ಇಲ್ಲಿ ಜಂತೆ ಎಣಿಸಲು ಹೇಳಿದ್ದು ಮನೆಯವರೇ.

ಏನು ಎಣಿಸಬೇಕಿತ್ತು ಎಂಬುದನ್ನು ಒಂದೇ ಬಗೆಯ ಪರೀಕ್ಷೆಯ ಮೂಲಕ ಹೇಳುತ್ತೇನೆ. ಮಾತ್ರೆಯ ಪೊಟ್ಟಣದ ಮೇಲೆ 'ಎರಡು ವರ್ಷದೊಳಗೆ ಬಳಸಿ' ಎಂದು ಅಚ್ಚು ಹಾಕಬೇಕಾದರೆ ಅಷ್ಟು ಕಾಲ ಅದು ಕೆಡುವುದಿಲ್ಲವೆಂದು ತೋರಿಸಬೇಕು. ಇದಕ್ಕೆ ಸ್ಟೆಬಿಲಿಟಿ ಪರೀಕ್ಷೆ ಎನ್ನುತ್ತಾರೆ. ಮಾತ್ರೆಗಳನ್ನು ಗೊತ್ತುಪಡಿಸಿದ ಶಾಖ ಮತ್ತು ತೇವಾಂಶದಲ್ಲಿ ಇಟ್ಟು, 3ನೇ, 6ನೇ, 9ನೇ, 12ನೇ ತಿಂಗಳಿಗೆ ಹೀಗೆ ಕೆಲವನ್ನು ಹೊರತೆಗೆದು, ಔಷಧದ ಅಂಶ ಎಷ್ಟು ಉಳಿದಿದೆ, ಎಷ್ಟು ಕೆಟ್ಟಿದೆ ಎಂದು ಅಳೆಯುತ್ತಾರೆ. ಇಲ್ಲಿ ನಿಜವಾಗಿ ಪರೀಕ್ಷೆ ಮಾಡುವುದು ಕಾಲ. ಮೂರು, ಆರು, ಒಂಬತ್ತನೇ ತಿಂಗಳ ಪರೀಕ್ಷೆಗಳನ್ನು ಒಂದೇ ದಿನ ಮುಗಿಸಿ ಮೂರು ಬೇರೆ ದಿನಾಂಕ ಬರೆದರೆ, ಕಾಗದದಲ್ಲಿ ಮೂರು ಅಳತೆ ಇದ್ದರೂ ಕೈಯಲ್ಲಿರುವುದು ಒಂದೇ. ಮಾದರಿಗಳನ್ನು ಫ್ರಿಜ್‌ನಲ್ಲಿಟ್ಟಿದ್ದರಂತೂ ತಣ್ಣಗಿದ್ದಷ್ಟೂ ಔಷಧ ನಿಧಾನವಾಗಿ ಕೆಡುವುದರಿಂದ ಫಲಿತಾಂಶ ಅರ್ಹತೆಗಿಂತ ಚೆನ್ನಾಗಿಯೇ ಬರುತ್ತದೆ. ಈ ಮೋಸ ಮಾತ್ರೆ ನೋಡಿದರೆ ಗೊತ್ತಾಗದು. ಯಂತ್ರ ದಾಖಲಿಸಿದ ದಿನಾಂಕವನ್ನೂ ವರದಿಯಲ್ಲಿ ಬರೆದ ದಿನಾಂಕವನ್ನೂ ಪಕ್ಕಪಕ್ಕ ಇಡಬೇಕು. ರ‍್ಯಾನ್‌ಬಾಕ್ಸಿಯ ವಿಷಯದಲ್ಲಿ ಇದು ಆರೋಪವಾಗಿಯಷ್ಟೇ ಉಳಿಯಲಿಲ್ಲ. ಕೆಲವು ಔಷಧಗಳ ಮಟ್ಟಿಗೆ ಪರೀಕ್ಷೆಯ ದಿನಾಂಕಗಳ ಬಗ್ಗೆ ಸುಳ್ಳು ಹೇಳಿದ್ದನ್ನು ಕಂಪನಿಯ ಅಮೆರಿಕದ ಅಂಗಸಂಸ್ಥೆ 2013ರಲ್ಲಿ ಅಲ್ಲಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು.

ಈಗ ಆ ದಿನಾಂಕ ಬರೆದ ಪ್ರಯೋಗಾಲಯದ ನೌಕರನನ್ನು ಊಹಿಸಿಕೊಳ್ಳಿ. ಅವನಿಗೆ ಇದರಲ್ಲಿ ನಯಾಪೈಸೆ ಲಾಭವಿಲ್ಲ. ಮೇಲಿನವರಿಗೆ ವರದಿ ಬೇಗ ಬೇಕು, ಪಕ್ಕದ ಮೇಜಿನವನು ಬರೆದಿದ್ದಾನೆ, ತಾನು ಒಲ್ಲೆನೆಂದರೆ ಇಡೀ ತಂಡದ ಕೆಲಸ ನಿಲ್ಲುತ್ತದೆ. ಅವನು ಬರೆಯುತ್ತಾನೆ. ಕೇಳಿದರೆ ಸುಳ್ಳು ಹೇಳಿದೆ ಎನ್ನುವುದಿಲ್ಲ, ಕಂಪನಿಗಾಗಿ ದುಡಿದೆ ಎನ್ನುತ್ತಾನೆ, ಮತ್ತು ಅವನ ಮಟ್ಟಿಗೆ ಅದು ನಿಜ. ನಿಷ್ಠೆ ಮತ್ತು ಪ್ರಾಮಾಣಿಕತೆಯ ಸಂಘರ್ಷ ಎಂದಾಗ ನಾವು ಕೊನೆಗೆ ಬಾಯಿಬಿಡುವ ಒಬ್ಬನ ಸಂಕಟವನ್ನಷ್ಟೇ ನೆನೆಯುತ್ತೇವೆ. ಆದರೆ ದೊಡ್ಡ ಮೋಸವೊಂದು ವರ್ಷಗಟ್ಟಲೆ ನಡೆಯಬೇಕಾದರೆ ಅದಕ್ಕೆ ಬೇಕಾಗುವುದು ಹತ್ತಾರು ದುಷ್ಟರಲ್ಲ, ನೂರಾರು ನಿಷ್ಠಾವಂತರು. ಜೋಳವಾಳಿ ಸತ್ಯಕ್ಕೆ ಅಡ್ಡ ಬರುವುದು ಆಮೇಲೆ. ಅದಕ್ಕೂ ಮೊದಲೇ ಅದು ಸುಳ್ಳಿನ ಕೂಲಿಯಾಳಾಗಿ ದುಡಿದಿರುತ್ತದೆ.

ಠಾಕೂರರ ಲೆಕ್ಕ ಮುಗಿಯಿತು. ಪತ್ರಕರ್ತೆ ಕ್ಯಾಥರೀನ್ ಎಬನ್ ದಾಖಲಿಸಿರುವಂತೆ, ಕುಮಾರ್ ಅದನ್ನು ಆಡಳಿತ ಮಂಡಳಿಯ ಉಪಸಮಿತಿಯ ಮುಂದಿಟ್ಟರು, ಫಲ ಕಾಣದೆ ರಾಜೀನಾಮೆ ಕೊಟ್ಟು ಹೋದರು. ಠಾಕೂರ್ ಕೆಲವು ತಿಂಗಳು ಇದ್ದು 2005ರ ಏಪ್ರಿಲ್‌ನಲ್ಲಿ ಹೊರಬಂದರು. ಅಲ್ಲಿಗೆ ಮುಗಿಸಿಬಿಡಬಹುದಿತ್ತು. ಉಂಡ ಮನೆಯಿಂದ ಎದ್ದು ಬಂದಾಗಿದೆ, ಋಣ ಹರಿದಿದೆ. ಆದರೆ ಔಷಧ ಮಾರಾಟ ನಿಂತಿರಲಿಲ್ಲ. ಅದೇ ಆಗಸ್ಟ್‌ನಲ್ಲಿ ಅವರು ಸುಳ್ಳು ಹೆಸರಿನಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಬರೆದರು.

ಆ ಪತ್ರವ್ಯವಹಾರಕ್ಕೆ ಬೆಲೆ ಬಂದದ್ದು ಅದರಲ್ಲಿ ಪರಿಶೀಲಿಸಬಹುದಾದ ವಿವರಗಳಿದ್ದವು ಎಂಬ ಕಾರಣಕ್ಕೆ. 'ಅಲ್ಲಿ ಎಲ್ಲವೂ ಮೋಸ' ಎಂಬ ಪತ್ರ ಯಾವ ಕಚೇರಿಯಲ್ಲೂ ಕಡತದ ಅಡಿ ಸೇರುತ್ತದೆ. ಹಾಗಿದ್ದೂ ಫಲ ಬರಲು ಕಾಲ ಹಿಡಿಯಿತು. 2006ರ ಫೆಬ್ರವರಿಯಲ್ಲಿ ಹಿಮಾಚಲ ಪ್ರದೇಶದ ಪಾಂವಟಾ ಸಾಹಿಬ್ ಕಾರ್ಖಾನೆಯ ತಪಾಸಣೆ ನಡೆಯಿತು. ಅಲ್ಲಿಯ ಮತ್ತು ಮಧ್ಯಪ್ರದೇಶದ ದೇವಾಸ್‌ನ ಕಾರ್ಖಾನೆಗಳಿಂದ ಹೋಗುತ್ತಿದ್ದ ಮೂವತ್ತಕ್ಕೂ ಹೆಚ್ಚು ಔಷಧಗಳ ಆಮದಿಗೆ ಅಮೆರಿಕ ತಡೆ ಹಾಕಿದ್ದು 2008ರ ಸೆಪ್ಟೆಂಬರ್‌ನಲ್ಲಿ. ಪ್ರಕರಣ ಕೊನೆಗೊಂಡಿದ್ದು 2013ರ ಮೇ ತಿಂಗಳಲ್ಲಿ, 50 ಕೋಟಿ ಡಾಲರ್ ದಂಡ ಮತ್ತು ಪರಿಹಾರದೊಂದಿಗೆ. ಸರ್ಕಾರಕ್ಕೆ ಮೋಸವಾದುದನ್ನು ತೋರಿಸಿಕೊಟ್ಟವರಿಗೆ ವಸೂಲಾದ ಹಣದಲ್ಲಿ ಪಾಲು ಕೊಡುವ ಅಮೆರಿಕದ ಕಾನೂನಿನ ಪ್ರಕಾರ ಠಾಕೂರರಿಗೆ ಸುಮಾರು 4.86 ಕೋಟಿ ಡಾಲರ್ ಬಂತು. ಈ ಮೊತ್ತ ಕೇಳಿದೊಡನೆ, ದುಡ್ಡಿಗಾಗಿ ಮಾಡಿದ ಎನ್ನುವವರು ಇದ್ದೇ ಇರುತ್ತಾರೆ. ಎಂಟು ವರ್ಷ ಏನೂ ಸಿಗದೆ ಹೋಗಬಹುದಾಗಿದ್ದ ಹಣಕ್ಕೆ ಯಾರಾದರೂ ಕಾಯುತ್ತಾರೆಯೇ ಎಂದು ಮಾತ್ರ ಕೇಳಬಲ್ಲೆ.

ದ್ರೋಹವೇ ಅಲ್ಲವೇ ಇದು? ಅಮೆರಿಕದ ತತ್ವಶಾಸ್ತ್ರಜ್ಞ ರಿಚರ್ಡ್ ಡಿ ಜಾರ್ಜ್ ಇಂಥ ಸಂದರ್ಭಕ್ಕೆ ಒಂದು ಒರೆಗಲ್ಲು ಕೊಟ್ಟಿದ್ದಾರೆ. ಸಾರ್ವಜನಿಕರಿಗೆ ಗಂಭೀರ ಹಾನಿ ಆಗುವಂತಿದ್ದು, ಮೇಲಧಿಕಾರಿಗೆ ತಿಳಿಸಿಯಾಗಿದ್ದು, ಒಳಗಿನ ದಾರಿಗಳನ್ನೆಲ್ಲ ಆಡಳಿತ ಮಂಡಳಿಯವರೆಗೆ ಹಿಡಿದು ನೋಡಿಯಾಗಿದ್ದರೆ ಹೊರಗೆ ಹೇಳುವುದು ತಪ್ಪಲ್ಲ. ಅದರ ಮೇಲೆ, ನೋಡಿದ ನಿಷ್ಪಕ್ಷಪಾತಿ ಒಪ್ಪುವಂಥ ದಾಖಲೆ ಕೈಯಲ್ಲಿದ್ದು, ಹೇಳಿದರೆ ಹಾನಿ ತಪ್ಪೀತೆಂದು ನಂಬಲು ಕಾರಣವಿದ್ದರೆ ಹೇಳುವುದು ಕರ್ತವ್ಯವೇ ಆಗುತ್ತದೆ. ಮೊದಲ ಮೂರರಲ್ಲಿ ಎರಡು ನಿಷ್ಠೆಯ ಮಾತೇ ಎಂಬುದು ನನಗೆ ಮುಖ್ಯ: ಮನೆಯವರಿಗೆ ಮೊದಲು ಹೇಳು, ತಿದ್ದಿಕೊಳ್ಳಲು ಅವರಿಗೆ ಅವಕಾಶ ಕೊಡು. ಠಾಕೂರರ ಲೆಕ್ಕ ಆಡಳಿತ ಮಂಡಳಿಯವರೆಗೆ ಹೋಗಿ ಬಂದಿತ್ತು. ಬಡ್ತಿ ಸಿಗದ ಸಿಟ್ಟಿಗೆ ಬಾಸಿನ ಖಾಸಗಿ ಸಂದೇಶಗಳನ್ನು ಹೊರಗೆ ಹರಿಬಿಡುವವನು ಇದರಲ್ಲಿ ಯಾವ ಮೆಟ್ಟಿಲನ್ನೂ ಹತ್ತಿರುವುದಿಲ್ಲ. ಅವನನ್ನು ಚಾಡಿಕೋರ ಎಂದರೆ ನನ್ನ ತಕರಾರಿಲ್ಲ. ಡಿ ಜಾರ್ಜರ ಒರೆಗಲ್ಲಿಗೂ ಮಿತಿಯಿದೆ. ಮೇಲಧಿಕಾರಿಯೇ ಕಳ್ಳನಾಗಿದ್ದರೆ, ಒಳಗಿನ ದಾರಿ ಹಿಡಿಯುವುದೆಂದರೆ ದಾಖಲೆ ಸುಟ್ಟುಹಾಕಲು ಅವನಿಗೆ ಸಮಯ ಕೊಟ್ಟಂತೆಯೂ ಆದೀತು.

ನಾವು ಯಾವ ಪದದಲ್ಲಿ ಯೋಚಿಸುತ್ತೇವೆ ಎಂಬುದರ ಮೇಲೆಯೇ ಬಾಯಿ ತೆರೆಯುವುದು ಬಿಡುವುದು ನಿಂತಿದೆಯೇ ಎಂದು ಆಡಂ ವೈಟ್ಜ್, ಜೇಮ್ಸ್ ಡಂಗನ್, ಲಿಯಾನ್ ಯಂಗ್ ಎಂಬ ಮನೋವಿಜ್ಞಾನಿಗಳು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ನಿಷ್ಠೆಯ ಮಹತ್ವದ ಬಗ್ಗೆ, ಇನ್ನೊಂದಕ್ಕೆ ನ್ಯಾಯದ ಮಹತ್ವದ ಬಗ್ಗೆ ಸಣ್ಣ ಪ್ರಬಂಧ ಬರೆಯಲು ಹೇಳಿ, ಆಮೇಲೆ ಬೇರೆಯವರ ತಪ್ಪನ್ನು ವರದಿ ಮಾಡುತ್ತೀರಾ ಎಂದು ನೋಡಿದರು. ನ್ಯಾಯದ ಬಗ್ಗೆ ಬರೆದವರು ಹೆಚ್ಚು ಮುಂದೆ ಬಂದರು. ಕಂಪನಿಗಳು ಹೊಸಬರನ್ನು ಮೊದಲ ದಿನವೇ 'ನಮ್ಮ ಕುಟುಂಬಕ್ಕೆ ಸ್ವಾಗತ' ಎಂದು ಬರಮಾಡಿಕೊಳ್ಳುವಾಗ ನನಗೆ ಈ ಪ್ರಯೋಗ ನೆನಪಾಗುತ್ತದೆ. ಕುಟುಂಬ ಎಂದ ಮೇಲೆ ಗುಟ್ಟು ಹೊರಗೆ ಹೋಗಬಾರದಲ್ಲ.

ಪದವಿ ಮುಗಿಸಿ ನೀವು ಸೇರುವ ಕಡೆ ಇದೆಲ್ಲ ಹೇಗಿರುತ್ತದೆ? ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಯಾದರೆ, ಇಂಥ ದೂರು ಕೇಳಿಸಿಕೊಳ್ಳುವ ಒಳಗಿನ ವ್ಯವಸ್ಥೆಯೊಂದು ಇರಲೇಬೇಕೆಂದು 2013ರ ಕಂಪನಿ ಕಾಯ್ದೆಯ 177ನೇ ಕಲಂ ಹೇಳುತ್ತದೆ. ಆ ವ್ಯವಸ್ಥೆಯ ಹೆಸರು ವಿಜಿಲ್ ಮೆಕ್ಯಾನಿಸಂ. ಸೇರಿದ ವಾರದಲ್ಲಿ ಸಹಿ ಹಾಕಿಸಿಕೊಳ್ಳುವ ಕಾಗದಗಳ ನಡುವೆ ಅದರ ವಿಳಾಸವೂ ಇರುತ್ತದೆ, ಓದಿಕೊಳ್ಳಿ. ದೂರು ಕೊಟ್ಟವರ ರಕ್ಷಣೆಗೆಂದೇ ಸಂಸತ್ತು ಮಾಡಿದ ಕಾಯ್ದೆ 2014ರದು. ರಾಷ್ಟ್ರಪತಿಯ ಅಂಕಿತ ಬಿದ್ದಿದ್ದರೂ ಅದನ್ನು ಜಾರಿಗೆ ತರುವ ಅಧಿಸೂಚನೆ ವರ್ಷಗಟ್ಟಲೆ ಹೊರಬೀಳಲಿಲ್ಲ. ಅದು ಇರುವುದೂ ಸರ್ಕಾರಿ ನೌಕರರ ಭ್ರಷ್ಟಾಚಾರ ಮತ್ತು ಅಧಿಕಾರ ದುರುಪಯೋಗದ ದೂರುಗಳಿಗೆ. ಖಾಸಗಿ ಕಾರ್ಖಾನೆಯೊಳಗಿನ ಮೋಸ ಅದರ ವ್ಯಾಪ್ತಿಗೆ ಬಾರದು. ಇನ್ನೂ ಒಂದು ಷರತ್ತಿದೆ: ದೂರುದಾರ ತನ್ನ ಗುರುತು ಹೇಳದಿದ್ದರೆ, ಅಥವಾ ಹೇಳಿದ ಗುರುತು ಸುಳ್ಳೆಂದು ಕಂಡರೆ, ಆ ದೂರಿನ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಕೂಡದು. 2005ರ ಆಗಸ್ಟ್‌ನಲ್ಲಿ ಠಾಕೂರ್ ಬರೆದಂಥ ಪತ್ರ ಆ ಕಾಯ್ದೆಯಡಿ ನಮ್ಮ ಅಧಿಕಾರಿಯೊಬ್ಬರ ಮೇಜಿಗೆ ಬಂದಿದ್ದರೆ ಅದನ್ನು ಪಕ್ಕಕ್ಕಿಡುವುದೇ ಅವರ ಕಾನೂನುಬದ್ಧ ಕೆಲಸವಾಗುತ್ತಿತ್ತು.