ಪದ ಪರಿಚಯ: ಐಡೆಂಪೊಟೆಂಟ್

ಲ್ಯಾಟಿನ್ನಿನಲ್ಲಿ ‘ಐಡೆಮ್’ ಎಂದರೆ ಅದೇ, ‘ಪೊಟೆನ್ಸ್’ ಎಂದರೆ ಶಕ್ತಿಯುಳ್ಳದ್ದು. 1870ರಲ್ಲಿ ಬೆಂಜಮಿನ್ ಪಿಯರ್ಸ್ ಬೀಜಗಣಿತಕ್ಕೆಂದು ಕಟ್ಟಿದ ಪದ ಇದು. ಎಷ್ಟು ಸಲ ಮಾಡಿದರೂ ಒಮ್ಮೆ ಮಾಡಿದಷ್ಟೇ ಫಲ ಎಂಬುದು ಈಗಿನ ಅರ್ಥ.

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯಲ್ಲಿ ಕುಳಿತು ಬೆಂಬಲ ಬೆಲೆಯ ರಾಗಿ ಖರೀದಿಗೆ ಹೆಸರು ನೋಂದಾಯಿಸುತ್ತಿದ್ದೀರಿ ಎನ್ನಿ. ಅರ್ಜಿ ಸರ್ವರ್ ಮುಟ್ಟಿತು, ಉತ್ತರ ಮಾತ್ರ ದಾರಿಯಲ್ಲೇ ಕಳೆದುಹೋಯಿತು. ಮತ್ತೆ ಒತ್ತುತ್ತೀರಿ. ‘ಮೊದಲು ಹುಡುಕು, ಇಲ್ಲದಿದ್ದರೆ ಸೇರಿಸು’ ಎಂದು ಬರೆದಿದ್ದರೆ ಒಟ್ಟಿಗೇ ಬಂದ ಎರಡು ಅರ್ಜಿಗಳೂ ನುಸುಳಿಬಿಡಬಹುದು. ಆದ್ದರಿಂದ ಕಾವಲು ಡೇಟಾಬೇಸಿನಲ್ಲೇ ಇರಬೇಕು:

```
UNIQUE (fid, crop, season)
```

ರೈತರ ಎಫ್‌ಐಡಿ, ಬೆಳೆ, ಹಂಗಾಮು ಮೂರೂ ಒಂದೇ ಆದರೆ ಎರಡನೆಯ ಸಾಲು ಹುಟ್ಟದು. ಆಗ ದೋಷ ತೋರಿಸದೆ ಹಳೆಯ ನೋಂದಣಿ ಸಂಖ್ಯೆಯನ್ನೇ ಮರಳಿಸಬೇಕು. ‘ಏಕಫಲಿ’ ಎಂಬ ಅನುವಾದ ನನಗೆ ಹಿಡಿಸಿಲ್ಲ. ‘ಎಷ್ಟು ಒತ್ತಿದರೂ ಒಂದೇ’ ಎಂದರೆ ಸಾಕು.